ಹಾಡುವ ಮುಖ, ಹೇಳುವ ಕಥೆ: ಒಂದು ಮ್ಯೂಸಿಕ್ ವಿಡಿಯೋದ ಟ್ರೀಟ್‌ಮೆಂಟ್

ಹಾಡಿನ ಉದ್ದ 3 ನಿಮಿಷ 36 ಸೆಕೆಂಡು. ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲ ಒಬ್ಬರೇ. ಹಿಂದೆ ಯಾವ ಕಂಪನಿಯೂ ಇಲ್ಲ. ಒಂದೇ ಕೋಣೆಯಲ್ಲಿ ಜೊತೆಗೆ ಬೆಳೆದ ಅಕ್ಕ ಊರು ಬಿಟ್ಟು ಹೋದಮೇಲೆ ತಂಗಿ ಹಾಡುವ ಹಾಡು ಅದು. ಪಲ್ಲವಿಯ ಮೊದಲ ಸಾಲು ಹೀಗಿದೆ: "ಮರಳಿ ಬಾ ಎನ್ನಲಾರೆ, ಬಾಗಿಲು ತೆರೆದಿದೆ."

ಗಾಯಕಿ ನನ್ನ ಹತ್ತಿರ ಬಂದಾಗ ಎರಡು ಆಸೆ ಹೇಳಿದರು. ಒಂದು, ತಮ್ಮ ಮುಖ ಜನಕ್ಕೆ ಗುರುತಾಗಬೇಕು. ಧ್ವನಿ ಕೇಳಿದವರು ಇದ್ದಾರೆ, ಮುಖ ಕಂಡವರು ಕಡಿಮೆ. ಎರಡು, ಅಕ್ಕನ ಕಥೆ ತೆರೆಯ ಮೇಲೆ ಕಾಣಬೇಕು. ಎರಡೂ ನ್ಯಾಯವಾದ ಆಸೆಗಳೇ. ಆದರೆ ಇರುವುದು 216 ಸೆಕೆಂಡು ಮಾತ್ರ. ಮುಖಕ್ಕೆ ಕೊಟ್ಟ ಸೆಕೆಂಡು ಕಥೆಗೆ ಸಿಗುವುದಿಲ್ಲ, ಕಥೆಗೆ ಕೊಟ್ಟದ್ದು ಮುಖಕ್ಕೆ ಸಿಗುವುದಿಲ್ಲ. ಟ್ರೀಟ್‌ಮೆಂಟ್ ಅಂದರೆ ಹಾಡಿನ ಯಾವ ಹೊತ್ತಿಗೆ ತೆರೆಯ ಮೇಲೆ ಏನು ಕಾಣಬೇಕು ಅಂತ ಶೂಟಿಂಗ್‌ಗೆ ಮುಂಚೆ ಬರೆದಿಡುವ ಯೋಜನೆ. ಅದನ್ನು ಬರೆಯುವಾಗ ನಾನು ಬಿಡಿಸಬೇಕಾಗಿದ್ದ ಗಂಟು ಇದು.

ಮೊದಲು ಹಾಡನ್ನು ಸೆಕೆಂಡುಗಳಲ್ಲಿ ಬಿಡಿಸಿ ಬರೆದುಕೊಂಡೆ. ಹಾಡಿನ ವೇಗ ನಿಮಿಷಕ್ಕೆ 80 ಬೀಟ್. ನಾಲ್ಕು ಬೀಟಿನ ಒಂದು ಬಾರ್ ಸರಿಯಾಗಿ 3 ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನಲ್ಲಿ ಶೂಟ್ ಮಾಡಿದರೆ ಒಂದು ಬಾರ್‌ಗೆ 72 ಫ್ರೇಮ್, ಒಂದು ಬೀಟಿಗೆ 18. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದು ಅಪರೂಪ. ಆರಂಭದ ಸಂಗೀತ 12 ಸೆಕೆಂಡು, ಪಲ್ಲವಿ 24. ಆಮೇಲೆ ಬರೀ ವಾದ್ಯ ನುಡಿಯುವ ಮೊದಲ ಇಂಟರ್‌ಲ್ಯೂಡ್ 24, ಮೊದಲ ಚರಣ 36, ಮತ್ತೆ ಪಲ್ಲವಿ 24. ಎರಡನೇ ಇಂಟರ್‌ಲ್ಯೂಡ್, ಎರಡನೇ ಚರಣ, ಕೊನೆಯ ಪಲ್ಲವಿ ಕೂಡ ಅದೇ ಅಳತೆಯವು. ಕಡೆಗೆ 12 ಸೆಕೆಂಡಿನ ಮುಕ್ತಾಯ.

ಈ ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರಿಗೂ ಹೊಳೆಯುವ ಹಂಚಿಕೆ ಒಂದಿದೆ. ಹಾಡುವ ಕಡೆ ಗಾಯಕಿ, ವಾದ್ಯ ನುಡಿಯುವ ಕಡೆ ಕಥೆ. ಗಾಯಕಿಯೂ ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು. ತುಟಿ ಆಡದ ಹೊತ್ತಿನಲ್ಲಿ ಹಾಡುವವರನ್ನು ತೋರಿಸಿ ಏನು ಮಾಡೋದು ಅಲ್ವಾ, ಅನ್ನುವುದು ಅವರ ವಾದ. ಸೆಕೆಂಡುಗಳ ಮಟ್ಟಿಗೆ ಇದು ಸರಿಯೇ. 144 ಸೆಕೆಂಡು ಹಾಡಿಗೆ, 72 ಸೆಕೆಂಡು ಕಥೆಗೆ.

ಆದರೂ ನಾನು ಇದನ್ನು ಬೇಡವೆಂದೆ. ಎರಡನೇ ಇಂಟರ್‌ಲ್ಯೂಡ್ ಬರುವ ಹೊತ್ತಿಗೆ ನೋಡುವವರಿಗೆ ಕ್ರಮ ತಿಳಿದುಬಿಡುತ್ತದೆ. ಪಿಟೀಲು ಶುರುವಾದರೆ ಕಥೆ, ಧ್ವನಿ ಶುರುವಾದರೆ ಮುಖ. ಮುಂದೇನು ಅಂತ ಗೊತ್ತಾದ ಮೇಲೆ ಕಟ್‌ಗೆ ಬಲ ಇರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಹಂಚಿಕೆಯಲ್ಲಿ ಕಥೆಯ ಚಿತ್ರಗಳು ಹಾಡಿನ ಮಾತನ್ನು ಒಮ್ಮೆಯೂ ಮುಟ್ಟುವುದಿಲ್ಲ. ಗಾಯಕಿ ಬರೆದ ಸಾಲು ಒಂದು ಕಡೆ, ಅಕ್ಕನ ಖಾಲಿ ಮಂಚ ಇನ್ನೊಂದು ಕಡೆ ಉಳಿಯುತ್ತದೆ. ಎರಡೂ ಒಂದರ ಮೇಲೊಂದು ಬಿದ್ದಾಗ ಮಾತ್ರ ಹುಟ್ಟುವ ಅರ್ಥ ಈ ಹಾಡಿಗೆ ಬೇಕಿತ್ತು.

ಕಥೆಯನ್ನು ಒಂದು ಕೋಣೆಗೆ ಇಳಿಸಿದ್ದು

ಗಾಯಕಿ ಹೇಳಿದ ಕಥೆಯಲ್ಲಿ ಬಾಲ್ಯ ಇತ್ತು, ಒಂದು ಜಗಳ ಇತ್ತು, ಬಸ್ಸು ಹತ್ತಿಸುವ ದೃಶ್ಯ ಇತ್ತು, ಅಕ್ಕನ ಹೊಸ ಮನೆ ಇತ್ತು, ಫೋನ್ ಮಾತುಕತೆ ಇತ್ತು. ಅವರ ಬದುಕಿನಲ್ಲಿ ನಡೆದದ್ದು ಅಷ್ಟೂ ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಕಥೆಗೆ ಜಾಸ್ತಿ ಅಂದರೆ 100 ಸೆಕೆಂಡು ಕೊಡಬಹುದು. ಒಂದು ಶಾಟ್ ಸರಾಸರಿ ಒಂದು ಬಾರ್ ನಿಂತರೆ ಸುಮಾರು 33 ಶಾಟ್ ಆಗುತ್ತದೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ಇದು ಎಲ್ಲಿ, ಇವರು ಯಾರು, ಏನಾಯಿತು ಅಂತ ತಿಳಿಸಲು ಮೂರು ನಾಲ್ಕು ಶಾಟ್ ಖರ್ಚಾಗುತ್ತದೆ. ಮಾತಿಲ್ಲದೆ ಹೇಳುವಾಗ ಇದರಲ್ಲಿ ಉಳಿತಾಯ ಮಾಡಲು ಆಗುವುದಿಲ್ಲ. ಐದು ಘಟನೆಗೆ ಹೀಗೆ ಹದಿನೈದು ಇಪ್ಪತ್ತು ಶಾಟ್ ಬರೀ ಪರಿಚಯಕ್ಕೇ ಮುಗಿಯುತ್ತದೆ. ನೋಡುವವರು ವಿಷಯ ತಿಳಿದುಕೊಳ್ಳುತ್ತಾ ಇರುತ್ತಾರೆ, ಅನುಭವಿಸಲು ಅವರಿಗೆ ಸಮಯ ಸಿಗುವುದಿಲ್ಲ.

ಹಾಗಾಗಿ ಟ್ರೀಟ್‌ಮೆಂಟ್‌ನಲ್ಲಿ ಕಥೆಯನ್ನು ಒಂದೇ ಪ್ರಶ್ನೆಗೆ ಇಳಿಸಿದೆ: ಅಕ್ಕ ಹೋದಮೇಲೆ ಕೋಣೆಯ ಆ ಅರ್ಧ ಭಾಗ ಏನಾಗುತ್ತದೆ? ಇರುವುದು ಒಂದು ಕೋಣೆ, ಎರಡು ಮಂಚ, ನಡುವೆ ಒಂದು ದೀಪ. ಹಾಡಿನ ಒಂದು ಭಾಗಕ್ಕೆ ಒಂದೇ ಬದಲಾವಣೆ. ಆರಂಭದಲ್ಲಿ ಎರಡೂ ಮಂಚ ತುಂಬಿವೆ. ಮೊದಲ ಇಂಟರ್‌ಲ್ಯೂಡಿನಲ್ಲಿ ಅಕ್ಕ ಸೂಟ್‌ಕೇಸ್ ತುಂಬುತ್ತಾಳೆ. ಮೊದಲ ಚರಣದಲ್ಲಿ ಅವಳ ಮಂಚ ಬರಿದಾಗಿದೆ. ಎರಡನೇ ಇಂಟರ್‌ಲ್ಯೂಡಿನಲ್ಲಿ ತಂಗಿಯ ಪುಸ್ತಕ, ಬಟ್ಟೆ, ಚೀಲ ಮೆಲ್ಲಗೆ ಆ ಮಂಚಕ್ಕೆ ಹರಡುತ್ತವೆ. ಎರಡನೇ ಚರಣದಲ್ಲಿ ತಂಗಿ ಅದನ್ನೆಲ್ಲ ಒಂದೊಂದಾಗಿ ತೆಗೆದು, ಹೊಸ ಹಾಸು ಹಾಕಿ, ಮಂಚವನ್ನು ಮತ್ತೆ ಖಾಲಿ ಮಾಡಿ ಇಡುತ್ತಾಳೆ. ಕಥೆ ಇಷ್ಟೇ. ಅಕ್ಕ ಯಾಕೆ ಹೋದಳು ಅಂತ ಎಲ್ಲೂ ಹೇಳುವುದಿಲ್ಲ.

ಇದನ್ನು ಬರೆದಮೇಲೆ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಸಾಲಾಗಿ ಜೋಡಿಸಿ, ಹಾಡು ಕೇಳಿಸದೆ, ಕಥೆ ಗೊತ್ತಿಲ್ಲದ ಕೆಲವರಿಗೆ ತೋರಿಸಿದೆ. ಏನಾಯಿತು ಅಂತ ಕೇಳಿದರೆ ಹೆಚ್ಚಿನವರು "ಅಕ್ಕ ತೀರಿಹೋದಳು" ಅಂದರು. ಖಾಲಿ ಮಂಚ, ಮಡಿಸಿಟ್ಟ ಬಟ್ಟೆ, ಒಬ್ಬಳೇ ಕೂತ ತಂಗಿ. ಇವು ಮೂರು ಸೇರಿದರೆ ಕಣ್ಣು ತಾನಾಗಿಯೇ ಸಾವಿನ ಕಡೆ ಹೋಗುತ್ತದೆ. ಹಾಗೆ ಓದಿಕೊಂಡರೆ "ಬಾಗಿಲು ತೆರೆದಿದೆ" ಅನ್ನುವ ಸಾಲು ಬೇರೆಯದೇ ಹಾಡಾಗುತ್ತದೆ.

ಇದಕ್ಕೆ ಪರಿಹಾರ ಮೊದಲ ಇಂಟರ್‌ಲ್ಯೂಡಿನಲ್ಲಿ ಸಿಕ್ಕಿತು. ಸೂಟ್‌ಕೇಸ್ ಮುಚ್ಚುವುದಿಲ್ಲ, ತಂಗಿ ಅದರ ಮೇಲೆ ಹತ್ತಿ ಕೂರುತ್ತಾಳೆ, ಅಕ್ಕ ನಗುತ್ತಾ ಜಿಪ್ ಎಳೆಯುತ್ತಾಳೆ. ಹೊರಡುವಾಗ ಅಕ್ಕ ತಿರುಗಿ ಬಂದು ತನ್ನ ದಿಂಬನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾಳೆ. ದಿಂಬು ಒಯ್ಯುವವರು ಎಲ್ಲೋ ಮಲಗಲು ಹೋಗುತ್ತಿದ್ದಾರೆ, ಬದುಕಲು ಹೋಗುತ್ತಿದ್ದಾರೆ. ಆ ಒಂದು ಶಾಟ್ ಸೇರಿಸಿ ತೋರಿಸಿದ ಮೇಲೆ ಯಾರೂ ಸಾವಿನ ಮಾತು ಎತ್ತಲಿಲ್ಲ. ಹಾಡು ಕೇಳಿಸದೆ ತೋರಿಸುವ ಈ ಪರೀಕ್ಷೆಯನ್ನು ಶೂಟಿಂಗ್‌ಗೆ ಮುಂಚೆಯೇ ಮಾಡಬೇಕು. ಎಡಿಟ್ ಟೇಬಲ್ಲಿನಲ್ಲಿ ಇದು ಗೊತ್ತಾದರೆ ದಿಂಬಿನ ಶಾಟ್ ಎಲ್ಲಿಂದ ತರೋದು?

ಎರಡು ಲೋಕ, ಒಂದೇ ವ್ಯತ್ಯಾಸ

ತಂಗಿಯ ಪಾತ್ರ ಯಾರು ಮಾಡಬೇಕು? ಗಾಯಕಿ ನಟಿಯಲ್ಲ, ಅದನ್ನು ಅವರೇ ಹೇಳಿದರು. ಬೇರೆ ಹುಡುಗಿಯನ್ನು ಹಾಕಿದರೆ ನಟನೆ ಚೆನ್ನಾಗಿರುತ್ತದೆ. ಆದರೆ 100 ಸೆಕೆಂಡು ಗಾಯಕಿಯ ಮುಖ ತೆರೆಯಿಂದ ಹೊರಗೆ ಹೋಗುತ್ತದೆ, ಹಾಡುವವರಿಗೂ ಕಥೆಯ ಹುಡುಗಿಗೂ ಏನು ಸಂಬಂಧ ಅನ್ನುವ ಪ್ರಶ್ನೆಯೂ ಹುಟ್ಟುತ್ತದೆ. ಅವರೇ ತಂಗಿಯಾದರೆ ಎರಡೂ ತೊಂದರೆ ಇಲ್ಲ. ಕಥೆಯ ಸೆಕೆಂಡುಗಳಲ್ಲೂ ಅವರ ಮುಖ ಗುರುತಾಗುತ್ತಾ ಹೋಗುತ್ತದೆ. ನಟನೆಯ ಭಯಕ್ಕೆ ಒಂದು ಸರಳ ದಾರಿ ಇದೆ. ಭಾವ ಕೇಳಬಾರದು, ಕೈಗೆ ಕೆಲಸ ಕೊಡಬೇಕು. "ದುಃಖದಲ್ಲಿ ಮಂಚ ನೋಡಿ" ಅಂದರೆ ಯಾರಿಗಾದರೂ ಕಷ್ಟ. "ಈ ಹಾಸಿನ ನಾಲ್ಕೂ ಮೂಲೆ ಸುಕ್ಕಿಲ್ಲದೆ ಎಳೆಯಿರಿ" ಅಂದರೆ ಅವರು ಎಳೆಯುತ್ತಾರೆ. ದುಃಖವನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ.

ಈಗ ಇನ್ನೊಂದು ಅಪಾಯ. ಅದೇ ಮುಖ, ಅದೇ ಕೋಣೆ. ಯಾವುದು ಹಾಡು, ಯಾವುದು ಕಥೆ ಅಂತ ಒಂದು ಕ್ಷಣದಲ್ಲಿ ತಿಳಿಯಬೇಕು. ಇಂಥ ಕಡೆ ಒಂದು ಲೋಕ ಕಪ್ಪು ಬಿಳುಪು, ಇನ್ನೊಂದು ಬಣ್ಣ, ಬೇರೆ ಲೆನ್ಸ್, ಬೇರೆ ಫ್ರೇಮ್ ಅಳತೆ, ಬೇರೆ ಜಾಗ ಅಂತ ವ್ಯತ್ಯಾಸ ಪೇರಿಸುತ್ತಾ ಹೋಗುವ ಆಸೆ ಬರುತ್ತದೆ. ಅಷ್ಟೆಲ್ಲ ಮಾಡಿದರೆ ಎರಡು ವಿಡಿಯೋ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ನಾನು ಮುಖ್ಯ ವ್ಯತ್ಯಾಸವನ್ನು ಬೆಳಕಿಗೆ ಬಿಟ್ಟೆ. ಕಥೆಗೆ ಬೆಳಗಿನ ಕಿಟಕಿ ಬೆಳಕು. ಹಾಡಿಗೆ ಸಂಜೆ, ನಡುವಿನ ದೀಪ ಹೊತ್ತಿದೆ, ಕಿಟಕಿ ನೀಲಿಯಾಗಿದೆ.

ಆ ಸಂಜೆಯನ್ನು ನಾವೇ ಮಾಡಿಕೊಂಡೆವು. ನಿಜವಾದ ಮುಸ್ಸಂಜೆಯ ನೀಲಿ ಬೆಳಕು ಬೇಗ ಜಾರಿಹೋಗುತ್ತದೆ, ಇಡೀ ಹಾಡನ್ನು ಹಲವು ಸಲ ಹಾಡಿಸಲು ಅದು ಸಾಲದು. ಕಿಟಕಿಯ ಸುತ್ತ ಕಪ್ಪು ಬಟ್ಟೆಯ ಗುಡಾರ ಕಟ್ಟಿ, ಅದರೊಳಗೆ 5600 ಕೆಲ್ವಿನ್‌ನ, ಅಂದರೆ ಹಗಲಿನ ಬಣ್ಣದ, ಒಂದು ಲೈಟ್ ಇಟ್ಟೆವು. ಒಳಗಿನ ದೀಪದ ಬಲ್ಬು ಸುಮಾರು 3200, ಅದರ ಬೆಳಕು ಹಳದಿ. ಯಾವ ಬೆಳಕನ್ನು ಬಿಳಿ ಅಂತ ಎಣಿಸಬೇಕು ಅಂತ ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು ಎರಡರ ನಡುವೆ 4300ಕ್ಕೆ ಇಟ್ಟರೆ ಕಿಟಕಿ ನೀಲಿ ಕಡೆಗೆ, ದೀಪ ಕೇಸರಿ ಕಡೆಗೆ ಸರಿಯುತ್ತದೆ. ಬಣ್ಣ ತಿದ್ದುವಾಗ ಮಾಡುವ ಕೆಲಸದ ಬಹುಪಾಲು ಅಲ್ಲೇ ಮುಗಿಯುತ್ತದೆ.

ಟ್ರೀಟ್‌ಮೆಂಟ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ತೀರ್ಮಾನಕ್ಕೆ ಈಗ ಬರುತ್ತೇನೆ. ಬ್ಯಾಲೆನ್ಸ್ ಅಂದರೆ ಸಾಮಾನ್ಯವಾಗಿ ಸೆಕೆಂಡುಗಳ ಪಾಲು ಅಂತ ತಿಳಿಯುತ್ತಾರೆ. ಕಥೆ ಮುಂದಕ್ಕೆ ನಡೆಯುತ್ತಾ, ಹಾಡುವ ದೃಶ್ಯ ಮಾತ್ರ ಮೊದಲಿನಿಂದ ಕೊನೆತನಕ ಒಂದೇ ಹಾಗೆ ಇದ್ದರೆ, ಪಾಲು ಎಷ್ಟೇ ಸರಿಯಿರಲಿ, ಮುಖಕ್ಕೆ ಮರಳಿದಾಗಲೆಲ್ಲ ವಿಡಿಯೋ ನಿಂತ ಹಾಗೆ ಅನಿಸುತ್ತದೆ. ಹಾಡುವ ಭಾಗದಲ್ಲೂ ಏನೋ ಬಿಚ್ಚಿಕೊಳ್ಳುತ್ತಾ ಹೋಗಬೇಕು.

ಹಾಗಾಗಿ ಗಾಯಕಿ ಹಾಡುವ ಸಂಜೆ ಕಥೆಯ ಕೊನೆಯ ಬೆಳಗ್ಗೆಯ ನಂತರ ಬರುವ ಸಂಜೆ ಅಂತ ಇಟ್ಟೆ. ಅವರು ಕೂತಿರುವುದು ತಂಗಿಯ ಮಂಚದ ಅಂಚಿನಲ್ಲಿ. ಮೈಮೇಲೆ ಒಂದು ಹಳೆಯ ಸ್ವೆಟರ್. ಮೊದಲ ಪಲ್ಲವಿಯಲ್ಲಿ ಕ್ಲೋಸಪ್ ಮಾತ್ರ, ಎರಡನೆಯದರಲ್ಲಿ ಸೊಂಟದವರೆಗಿನ ಶಾಟ್. ಎರಡರಲ್ಲೂ ಅಕ್ಕನ ಮಂಚ ಫ್ರೇಮಿನಿಂದ ಹೊರಗೆ ಇರುತ್ತದೆ. ಎರಡನೇ ಚರಣದಲ್ಲಿ ತಂಗಿ ರಾಶಿ ತೆಗೆಯುವಾಗ ಅಡಿಯಲ್ಲಿ ಅಕ್ಕ ಬಿಟ್ಟುಹೋದ ಸ್ವೆಟರ್ ಸಿಗುತ್ತದೆ. ಆಗ ಗೊತ್ತಾಗುತ್ತದೆ, ಹಾಡುವವಳು ಇಷ್ಟು ಹೊತ್ತು ಹಾಕಿಕೊಂಡದ್ದು ಅದೇ. ಕೊನೆಯ ಪಲ್ಲವಿಯಲ್ಲಿ ಮೊದಲ ಬಾರಿಗೆ ಹಾಡುವ ಕೋಣೆ ಪೂರ್ತಿ ಕಾಣುತ್ತದೆ. ಎದುರಿಗೆ ಹೊಸ ಹಾಸು ಹಾಕಿದ ಅಕ್ಕನ ಮಂಚ. ಅವರು ಮೊದಲಿನಿಂದ ಯಾರನ್ನು ನೋಡಿ ಹಾಡುತ್ತಿದ್ದರು ಅಂತ ಆಗ ತಿಳಿಯುತ್ತದೆ.

ಸಾಲಿಗೆ ಯಾವ ಚಿತ್ರ

ಪಲ್ಲವಿ ಬಂದಾಗಲೆಲ್ಲ ತೆರೆದ ಬಾಗಿಲು ತೋರಿಸಬೇಕು ಅಂತ ಗಾಯಕಿಗೆ ಇತ್ತು. "ಬಾಗಿಲು ಅಂತ ಹಾಡಿದಾಗ ಬಾಗಿಲು ತೋರಿಸ್ಲೇಬೇಕು ಅಲ್ವಾ ಸರ್?" ಅಂದರು. ನಾನು ಒಪ್ಪಲಿಲ್ಲ. ಕಿವಿಗೆ ಆಗಲೇ ಸಿಕ್ಕಿದ್ದನ್ನು ಕಣ್ಣಿಗೂ ಕೊಟ್ಟರೆ ಚಿತ್ರ ಬರೀ ನಕಲಾಗುತ್ತದೆ. ಮಾತಿಗೆ ಒಂದು ಉತ್ತರವೋ ಒಂದು ವಿರೋಧವೋ ಚಿತ್ರದಲ್ಲಿ ಇರಬೇಕು. ಕೊನೆಗೆ ಮಾಡಿದ್ದು ಇಷ್ಟು: ಹಾಡುವ ಪ್ರತಿ ಶಾಟಿನಲ್ಲೂ ಗಾಯಕಿಯ ಹಿಂದೆ, ಫೋಕಸ್ ಇಲ್ಲದೆ, ಬಾಗಿಲು ತೆರೆದೇ ಇರುತ್ತದೆ. ಅದರ ಕಡೆಗೆ ಒಮ್ಮೆಯೂ ಕಟ್ ಮಾಡುವುದಿಲ್ಲ.

ಮೊದಲ ಚರಣದಲ್ಲಿ ಆರು ಸಾಲು, ಒಂದೊಂದೂ 6 ಸೆಕೆಂಡು. ಮೊದಲ ಎರಡು ಸಾಲು ಅಕ್ಕನ ನಗುವಿನ ನೆನಪು. ಅವು ಮುಖದ ಮೇಲೇ ಇರಲಿ ಅಂತ ಬಿಟ್ಟೆ. ನೆನಪು ಮಾಡಿಕೊಳ್ಳುವ ಮುಖ ಇರುವಾಗ ನೆನಪಿನ ದೃಶ್ಯ ಬೇಡ. ಮೂರು ಮತ್ತು ನಾಲ್ಕನೇ ಸಾಲು ಹೀಗಿವೆ: "ಕಿಟಕಿಯ ಬೆಳಕು ನಿನ್ನ ದಿಂಬಿನ ಮೇಲೆ, ಯಾರನ್ನೋ ಹುಡುಕಿ ಸುಮ್ಮನೆ ಮಲಗಿದೆ." ಇಲ್ಲಿ ಕಥೆಗೆ ಹೋಗಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಆದರೆ ತೆರೆಯ ಮೇಲೆ ದಿಂಬು ಇಲ್ಲ. ಅಕ್ಕ ಅದನ್ನು ಒಯ್ದಾಗಿದೆ. ಬೆಳಕು ಬಿದ್ದಿರುವುದು ಬರೀ ಹಾಸಿಗೆಯ ಮೇಲೆ, ದಿಂಬು ಇದ್ದ ಕಡೆ ಬಟ್ಟೆಯ ಬಣ್ಣ ಸ್ವಲ್ಪ ಗಾಢ. ಹಾಡು ಇದೆ ಅನ್ನುತ್ತದೆ, ಚಿತ್ರ ಇಲ್ಲ ಅನ್ನುತ್ತದೆ. ತಂಗಿಯ ಮನಸ್ಸಿನಲ್ಲಿ ಇನ್ನೂ ಅಲ್ಲೇ ಇರುವ ದಿಂಬು ಅದು. ಮುಂಚೆ ಹೇಳಿದೆನಲ್ಲ, ಮಾತೂ ಚಿತ್ರವೂ ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಅರ್ಥ ಅಂತ, ಈ 12 ಸೆಕೆಂಡಿಗಾಗಿಯೇ ಆ ಸುಲಭದ ಹಂಚಿಕೆಯನ್ನು ಬಿಟ್ಟದ್ದು. ಐದನೇ ಸಾಲಿಗೆ ಮತ್ತೆ ಮುಖ, ಆರನೆಯದರ ಕೊನೆಯ ಬಾರ್‌ಗೆ ಮತ್ತೆ ಕಥೆ.

ಎರಡನೇ ಇಂಟರ್‌ಲ್ಯೂಡಿನಲ್ಲಿ ಕ್ರಮವನ್ನು ಬೇಕಂತಲೇ ಮುರಿದೆ. ಅರ್ಧ ಹೊತ್ತು ಕಥೆ. ಒಂದೇ ಜಾಗದಲ್ಲಿ ಅಲುಗದೆ ನಿಂತ ಕ್ಯಾಮೆರಾ, ಅಕ್ಕನ ಮಂಚದ ಮೇಲೆ ಸಾಮಾನು ಹಂತಹಂತವಾಗಿ ಹೆಚ್ಚುತ್ತದೆ. ಟ್ರೈಪಾಡಿನ ಮೂರೂ ಕಾಲಿಗೆ ನೆಲದಲ್ಲಿ ಟೇಪ್ ಗುರುತು ಹಾಕಿಕೊಂಡೆವು. ಉಳಿದ ಅರ್ಧ ಹೊತ್ತು ಗಾಯಕಿ, ಹಾಡದೆ, ಪಿಟೀಲು ಕೇಳುತ್ತಾ ಸುಮ್ನೆ ಕೂತಿದ್ದಾರೆ. ತುಟಿ ಆಡದ ಹೊತ್ತಿನಲ್ಲಿ ಮುಖ ತೋರಿಸಿ ಏನು ಮಾಡೋದು ಅಂತ ಅವರು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹಾಡುವವರು ಕೇಳುವುದನ್ನು ನೋಡಿದಾಗ ಅವರು ಹಾಡಿನ ಒಳಗೇ ಇದ್ದಾರೆ ಅನಿಸುತ್ತದೆ.

ಎರಡನೇ ಚರಣದ ಮೊದಲ ಐದು ಸಾಲು, ಅಂದರೆ 30 ಸೆಕೆಂಡು, ಕಥೆ ಎಲ್ಲೂ ಕಡಿಯದೆ ಹೋಗುತ್ತದೆ. ಎಲ್ಲ ಕೂಡಿಸಿದರೆ ಕಥೆಗೆ 99 ಸೆಕೆಂಡು, ಹಾಡುವ ದೃಶ್ಯಕ್ಕೆ 117. ಈ ಪಾಲನ್ನು ನಾನು ಮೊದಲು ನಿರ್ಧರಿಸಿರಲಿಲ್ಲ, ಸಾಲುಗಳನ್ನು ಹಂಚಿದ ಮೇಲೆ ಹೀಗೆ ಬಂತು.

ಶೂಟಿಂಗ್‌ಗೆ ಮುಂಚೆ ಮತ್ತು ಶೂಟಿಂಗ್‌ನಲ್ಲಿ

ಇನ್ನೇನು ಶೂಟ್ ಅನ್ನುವಾಗ ವಾದ್ಯ ಸಂಯೋಜನೆ ಮಾಡಿದವರು ಹಾಡನ್ನು ಸ್ವಲ್ಪ ಚುರುಕು ಮಾಡೋಣ, 80 ಬದಲು 81 ಇರಲಿ ಅಂದರು. ಕಿವಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ತುಟಿಗೆ ಗೊತ್ತಾಗುತ್ತದೆ. 80ರಲ್ಲಿ 6 ಸೆಕೆಂಡಿನ ಸಾಲು 81ರಲ್ಲಿ 5.93 ಸೆಕೆಂಡು. ಸಾಲಿನ ಶುರು ಸರಿ ಹೊಂದಿಸಿದರೂ ಕೊನೆಗೆ ಸುಮಾರು ಎರಡು ಫ್ರೇಮ್ ಜಾರುತ್ತದೆ. ಇಡೀ ಹಾಡಿನಲ್ಲಿ ಎರಡೂವರೆ ಸೆಕೆಂಡಿಗಿಂತ ಜಾಸ್ತಿ. ಬದಲಿಸುವುದಾದರೆ ಈಗಲೇ ಬದಲಿಸಿ, ಶೂಟ್ ಮುಂದಕ್ಕೆ ಹಾಕೋಣ, ಶೂಟ್ ಆದಮೇಲೆ ಮಾತ್ರ ವೇಗ ಮುಟ್ಟಬೇಡಿ ಅಂದೆ. ಗಾಯಕಿ ಕೇಳಿ ನೋಡಿ 80ರಲ್ಲೇ ಉಳಿಸಿಕೊಂಡರು.

ಶೂಟಿಂಗ್‌ನಲ್ಲಿ ಗಾಯಕಿಗೆ ಕೇಳಿಸುವ ಪ್ಲೇಬ್ಯಾಕ್ ಫೈಲಿನ ಮುಂದೆ ನಾಲ್ಕು ಬೀಟಿನ ಟಿಕ್ ಸೇರಿಸಿದೆವು. ಕ್ಯಾಮೆರಾ ಸೆಟ್ಟಿನ ಸದ್ದನ್ನೂ ದಾಖಲಿಸುತ್ತಿತ್ತು. ಆ ಸದ್ದು ವಿಡಿಯೋಗೆ ಬೇಡ, ಆದರೆ ಅದರ ವೇವ್‌ಫಾರ್ಮನ್ನು, ಅಂದರೆ ಸದ್ದಿನ ಏರಿಳಿತದ ಗೆರೆಯನ್ನು, ಮಾಸ್ಟರ್ ಹಾಡಿನ ಜೊತೆ ಹೊಂದಿಸಿದರೆ ಪ್ರತಿ ಟೇಕ್ ತನ್ನ ಜಾಗದಲ್ಲಿ ಕೂರುತ್ತದೆ. ಗಾಯಕಿಗೆ ಒಂದೇ ಸೂಚನೆ: ತುಟಿ ಆಡಿಸಬೇಡಿ, ನಿಜವಾಗಿ ಹಾಡಿ. ಬರೀ ತುಟಿ ಆಡಿಸಿದರೆ ಕತ್ತಿನ ನರ ಬಿಗಿಯುವುದಿಲ್ಲ, ಉಸಿರು ಎದೆಗೆ ಇಳಿಯುವುದಿಲ್ಲ. ಕ್ಲೋಸಪ್ಪಿನಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ. ಅದಕ್ಕೇ ಕ್ಲೋಸಪ್ ಅನ್ನು ಮೊದಲು ತೆಗೆದೆವು, ಗಂಟಲೂ ಮುಖವೂ ತಾಜಾ ಇರುವಾಗ. ವೈಡ್ ಶಾಟಿನಲ್ಲಿ ದಣಿವು ಅಷ್ಟು ಕಾಣುವುದಿಲ್ಲ.

ಕೊನೆಯ ಪಲ್ಲವಿಯ ವೈಡ್ ಶಾಟಿಗೆ ಒಂದು ಹಳೆಯ ತಂತ್ರ ಬಳಸಿದೆವು. ಹಾಡನ್ನು ಒಂದೂವರೆ ಪಟ್ಟು ವೇಗದಲ್ಲಿ ನುಡಿಸಿ, ಗಾಯಕಿ ಅದೇ ವೇಗದಲ್ಲಿ ಹಾಡಿದರು. ಕ್ಯಾಮೆರಾ ಸೆಕೆಂಡಿಗೆ 36 ಫ್ರೇಮ್ ತೆಗೆಯಿತು. ಅದನ್ನು 24ರಲ್ಲಿ ಓಡಿಸಿದರೆ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಆದರೆ ಕೂದಲು, ಕಿಟಕಿಯ ಪರದೆ, ಕೈಯ ಚಲನೆ ಎಲ್ಲ ಸ್ವಲ್ಪ ನಿಧಾನ. ಕೋಣೆಗೆ ಒಂದು ಬಗೆಯ ತೇಲುವ ಗುಣ ಬರುತ್ತದೆ. ಎರಡು ಪಟ್ಟು ಮಾಡಿದರೆ ಇನ್ನೂ ನಿಧಾನ ಸಿಗುತ್ತಿತ್ತು, ಆದರೆ ಆ ವೇಗದಲ್ಲಿ ಕನ್ನಡದ ಒತ್ತಕ್ಷರಗಳು ಬಾಯಲ್ಲಿ ನುಚ್ಚಾಗುತ್ತವೆ. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/48ರಿಂದ 1/72ಕ್ಕೆ ಇಳಿಯುವುದರಿಂದ ಬೆಳಕು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಅದಕ್ಕೆ ದೀಪದ ಹಿಂದೆ ಮರೆಯಾಗಿ ಇನ್ನೊಂದು ಲೈಟ್ ಬೇಕಾಯಿತು.

ಕಥೆಯ ಭಾಗವನ್ನು ಮರುದಿನ ಬೆಳಗ್ಗೆ, ಕೋಣೆಯ ಸ್ಥಿತಿ ಬದಲಾಗುವ ಕ್ರಮದಲ್ಲೇ ತೆಗೆದೆವು.

2:54ರ ಕಟ್

ಕಾಗದದ ಮೇಲೆ ಸರಿಯಿದ್ದ ಒಂದು ಜಾಗ ಎಡಿಟ್‌ನಲ್ಲಿ ಕೈಕೊಟ್ಟಿತು. ಎರಡನೇ ಚರಣದಲ್ಲಿ 30 ಸೆಕೆಂಡು ಕಥೆ, ಕೊನೆಯ ಸಾಲಿಗೆ, ಅಂದರೆ 2:54ಕ್ಕೆ, ಗಾಯಕಿಯ ಮುಖಕ್ಕೆ ಮರಳುವುದು ಅಂತ ಟ್ರೀಟ್‌ಮೆಂಟ್‌ನಲ್ಲಿತ್ತು. ಜೋಡಿಸಿ ನೋಡಿದರೆ ಆ ಕಟ್ ಕಥೆಯನ್ನು ಕಡಿದ ಹಾಗಿತ್ತು. ತಂಗಿ ಸ್ವೆಟರ್ ಎತ್ತಿಕೊಂಡು ನಿಂತಿದ್ದಾಳೆ, ನೋಡುವವರು ಅವಳ ಜೊತೆಗಿದ್ದಾರೆ. ಅಷ್ಟರಲ್ಲಿ ಆಡುವ ತುಟಿ ಬಂದು ಕಣ್ಣನ್ನು ತನ್ನ ಕಡೆ ಎಳೆಯುತ್ತದೆ. ಆಡುವ ತುಟಿಗೆ ಆ ಶಕ್ತಿ ಯಾವಾಗಲೂ ಇದೆ. ಬೇಕಾದಾಗ ಅದು ಒಳ್ಳೆಯದು, ಇಲ್ಲಿ ಬೇಡವಾಗಿತ್ತು.

ಎಡಿಟರ್ ಮೊದಲು ಕಥೆಯನ್ನೇ ಇನ್ನೂ 6 ಸೆಕೆಂಡು ಎಳೆದು ನೋಡಿದರು. ಸ್ವೆಟರ್ ಹಿಡಿದ ಭಾವ ಅಷ್ಟು ಹೊತ್ತು ನಿಲ್ಲಲಿಲ್ಲ, ತೆಳುವಾಯಿತು. ಆಮೇಲೆ ಇಂಟರ್‌ಲ್ಯೂಡಿನಲ್ಲಿ ಸುಮ್ನೆ ಕೂತ ಮುಖವನ್ನು ಆ ಸಾಲಿನ ಮೇಲೆ ಇಟ್ಟರು. ಅದು ಇನ್ನೂ ಕೆಟ್ಟದಾಯಿತು. ಸಂಜೆಯ ಬೆಳಕಿನಲ್ಲಿ ಆ ಮುಖ ಕಂಡರೆ ಅದು ಹಾಡುವ ಮುಖ ಅಂತ ನೋಡುವವರು ಆಗಲೇ ಕಲಿತುಬಿಟ್ಟಿದ್ದಾರೆ. ಧ್ವನಿ ಕೇಳುತ್ತಾ ಬಾಯಿ ಮುಚ್ಚಿದ್ದರೆ ಸಿಂಕ್, ಅಂದರೆ ತುಟಿಗೂ ಧ್ವನಿಗೂ ಇರಬೇಕಾದ ಹೊಂದಾಣಿಕೆ, ತಪ್ಪಿದೆ ಅಂದುಕೊಳ್ಳುತ್ತಾರೆ.

ಕೆಲಸಕ್ಕೆ ಬಂದದ್ದು ಹಿಂದಿನಿಂದ ತೆಗೆದ ಒಂದು ಶಾಟ್. ಗಾಯಕಿಯ ತಲೆಯ ಹಿಂಭಾಗ, ಸ್ವೆಟರಿನ ಭುಜ, ಎದುರಿಗೆ ಫೋಕಸ್ ಇಲ್ಲದ ಅಕ್ಕನ ಮಂಚ. ಬೆಳಕು ಸಂಜೆಯದು, ಹಾಗಾಗಿ ಹಾಡಿನ ಲೋಕಕ್ಕೆ ಬಂದಾಯಿತು. ತುಟಿ ಕಾಣುವುದಿಲ್ಲ, ಹಾಗಾಗಿ ಕಥೆ ಕಡಿಯಲಿಲ್ಲ. ಕೈಯಲ್ಲಿದ್ದ ಸ್ವೆಟರ್ ಮೈಮೇಲೆ ಬಂದದ್ದು ಈ ಒಂದೇ ಕಟ್‌ನಲ್ಲಿ ತಿಳಿಯಿತು. ಆರು ಸೆಕೆಂಡು ಆ ಬೆನ್ನು ಹಾಗೇ ಇರುತ್ತದೆ, ಆಮೇಲೆ 3:00ಕ್ಕೆ ವೈಡ್ ಶಾಟಿನಲ್ಲಿ "ಮರಳಿ" ಅನ್ನುವ ಪದಕ್ಕೆ ತುಟಿ ತೆರೆಯುತ್ತದೆ. ಬೆನ್ನು, ಪಕ್ಕದ ಕೆನ್ನೆ, ಮಡಿಲಲ್ಲಿ ಇಟ್ಟ ಕೈ, ಇಂಥ ತುಟಿ ಕಾಣದ ಕೆಲವು ಶಾಟ್‌ಗಳನ್ನು ಟ್ರೀಟ್‌ಮೆಂಟ್‌ನಲ್ಲಿ ಪಟ್ಟಿ ಮಾಡಿ ತೆಗೆಸಿದ್ದೆವು, ಎಲ್ಲಿ ಬಳಸುತ್ತೇವೆ ಅಂತ ಗೊತ್ತಿಲ್ಲದೆಯೇ. ಈಗ ಹಾಡುವ ದೃಶ್ಯ ಇರುವ ಯಾವ ಕೆಲಸಕ್ಕೂ ಅವುಗಳಿಗೆ ಒಂದು ಗಂಟೆ ಬೇರೆಯಾಗಿ ಇಡುತ್ತೇನೆ.

"ಮರಳಿ"ಯ ಆ ತುಟಿಗೆ ಎಡಿಟರ್ ತುಂಬಾ ಹೊತ್ತು ಕೊಟ್ಟರು, ಅದಕ್ಕೆ ಕಾರಣ ಇದೆ. ಪ, ಬ, ಮ ಹೇಳುವಾಗ ತುಟಿ ಪೂರ್ತಿ ಮುಚ್ಚಿ ತೆರೆಯುತ್ತದೆ. ಹಾಗಾಗಿ ಸಿಂಕ್ ತಪ್ಪು ಮೊದಲು ಕಾಣುವುದು ಅಲ್ಲಿ. ಸದ್ದು ತಡವಾದರೆ ಕಣ್ಣು ಸ್ವಲ್ಪ ಸಹಿಸುತ್ತದೆ, ಮುಂಚೆ ಬಂದರೆ ಸಹಿಸುವುದಿಲ್ಲ. ದೂರದ ಸದ್ದು ತಡವಾಗಿ ಬರುವುದು ನಮಗೆ ಅಭ್ಯಾಸ, ಮುಂಚೆ ಬರುವುದು ಪ್ರಕೃತಿಯಲ್ಲೇ ಇಲ್ಲ. ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯು ಕೊಟ್ಟ ಶಿಫಾರಸಿನಲ್ಲಿ ವ್ಯತ್ಯಾಸ ಗೊತ್ತಾಗುವ ಮಿತಿ ಸದ್ದು ಮುಂಚೆ ಬಂದರೆ ಸುಮಾರು 45 ಮಿಲಿಸೆಕೆಂಡು, ತಡವಾದರೆ ಸುಮಾರು 125. ನಮ್ಮ ಒಂದು ಫ್ರೇಮ್ 42 ಮಿಲಿಸೆಕೆಂಡು. ಅಂದರೆ ಸದ್ದು ಮುಂಚೆ ಬರುವ ಕಡೆ ಒಂದು ಫ್ರೇಮ್ ತಪ್ಪಿದರೂ ಅಂಚಿಗೆ ಬಂದ ಹಾಗೆ. ಒಂದೂವರೆ ಪಟ್ಟು ವೇಗದಲ್ಲಿ ಹಾಡಿದಾಗ ಗಾಯಕಿ ಕೆಲವು ಪದಗಳಿಗೆ ಚೂರು ತಡವಾಗಿ ಬಂದಿದ್ದರು. ಅಂಥ ಕಡೆ ಇಡೀ ಟೇಕ್ ಸರಿಸದೆ, ಪದಗಳ ನಡುವಿನ ಉಸಿರಿನಲ್ಲಿ ಒಂದೆರಡು ಫ್ರೇಮ್ ತೆಗೆದು ಸರಿ ಮಾಡಿದರು.

ಪೂರ್ತಿ ವಿಡಿಯೋ ಮುಗಿದಮೇಲೆ ಫೋನಿಗಾಗಿ ಲಂಬ ಫ್ರೇಮಿನ ಚಿಕ್ಕ ತುಣುಕುಗಳು ಬೇಕಾದವು. ಅಲ್ಲಿ ಒಂದು ಮಿತಿ ಎದುರಾಯಿತು. ಹಾಡುವ ಕ್ಲೋಸಪ್‌ನಲ್ಲಿ ಮುಖ ನಡುವೆ ಇದ್ದದ್ದರಿಂದ 9:16 ಅಳತೆಯ ಫ್ರೇಮಿಗೆ ಸುಲಭವಾಗಿ ಕತ್ತರಿಸಬಹುದು. ಎರಡು ಮಂಚದ ಶಾಟ್ ಕತ್ತರಿಸಿದರೆ ಒಂದು ಮಂಚ ಹೊರಗೆ ಹೋಗುತ್ತದೆ, ಕಥೆಯೇ ಹೋಗುತ್ತದೆ. ಹಾಗಾಗಿ ತುಣುಕುಗಳಲ್ಲಿ ಮೊದಲ ಪಲ್ಲವಿಯ ಮುಖ ಮತ್ತು ಸೂಟ್‌ಕೇಸ್ ಮೇಲೆ ಕೂರುವ ಶಾಟ್ ಮಾತ್ರ ಇವೆ. ಕೊನೆಯ ಪಲ್ಲವಿಯ ವೈಡ್ ಶಾಟನ್ನು ಅವುಗಳಿಗೆ ಬಳಸಲಿಲ್ಲ. ಗಾಯಕಿ ಅದನ್ನೂ ಹಾಕಬೇಕು ಅಂತ ಕೇಳಿದರು, ಪೂರ್ತಿ ವಿಡಿಯೋ ನೋಡುವವರಿಗೆ ಅದು ಉಳಿದಿರಲಿ ಅಂತ ಹೇಳಿ ಒಪ್ಪಿಸಿದೆ.